ಗೇಣಿ ಯಾರದ್ದು? ಕೊಲ್ಲಿಯ ಕೂಲಿ ಮತ್ತು ಒಂದು ತ್ರಿಕೋನ

ದುಬೈ, ಶಾರ್ಜಾ, ದೋಹಾಗಳ ಕನ್ನಡಿಗರ ಊಟದ ಮೇಜಿನಲ್ಲಿ ಕಟ್ಟಡ ಕಾರ್ಮಿಕರ ಮಾತು ಬಂದಾಗ ಯಾರಾದರೊಬ್ಬರು ಹೇಳಿಯೇ ಹೇಳುವ ವಾಕ್ಯವೊಂದಿದೆ: "ಊರಲ್ಲಿ ಸಿಗುವುದಕ್ಕಿಂತ ಹೆಚ್ಚು ಸಿಗುತ್ತದೆಂದೇ ಬಂದಿದ್ದಾರೆ, ಯಾರೂ ಕೈಕಾಲು ಕಟ್ಟಿ ತಂದಿಲ್ಲವಲ್ಲ." ಹೇಳುವವರು ಕಲ್ಲೆದೆಯವರೇನಲ್ಲ. ತಮ್ಮ ಕಾರಿನ ಚಾಲಕನಿಗೆ ಹಬ್ಬದ ದಿನ ಕೈತುಂಬ ಕೊಡುವವರೇ ಈ ಮಾತನ್ನೂ ಆಡುತ್ತಾರೆ. ಆ ವಾಕ್ಯದೊಳಗೆ ಒಂದು ಅರ್ಥಶಾಸ್ತ್ರದ ಪ್ರಮೇಯ ಅಡಗಿದೆ. ಕಾರ್ಮಿಕನನ್ನು ಊರಿನಿಂದ ಕರೆತರಲು ಬೇಕಾದ ಕನಿಷ್ಠ ಮೊತ್ತಕ್ಕಿಂತ ಅವನ ಕೂಲಿ ಹೆಚ್ಚಿದೆ, ಆದ್ದರಿಂದ ದೂರಲು ಕಾರಣವಿಲ್ಲ ಎಂಬುದೇ ಅದು. ಮೊದಲರ್ಧ ಬಹುಪಾಲು ನಿಜ. ಎರಡನೆಯ ಅರ್ಧ ಮೊದಲರ್ಧದಿಂದ ಹುಟ್ಟುವುದಿಲ್ಲ. ಪಿಯುಸಿ ಅರ್ಥಶಾಸ್ತ್ರದ ಒಂದು ರೇಖಾಚಿತ್ರವನ್ನು ಕಡೆಯವರೆಗೆ ಓದಿದರೆ ಆ ವಾದ ಎಲ್ಲಿ ಮುರಿದು ಬೀಳುತ್ತದೆಂಬುದು ಕಾಣುತ್ತದೆ.

ಯಾವುದೇ ಉತ್ಪಾದನಾಂಗವನ್ನು ಅದರ ಈಗಿನ ಕೆಲಸದಲ್ಲಿ ಉಳಿಸಿಕೊಳ್ಳಲು ಕೊಡಲೇಬೇಕಾದ ಕನಿಷ್ಠ ಮೊತ್ತಕ್ಕೆ ವರ್ಗಾವಣೆ ಗಳಿಕೆ ಎಂದು ಹೆಸರು. ಅದಕ್ಕಿಂತ ಕಡಿಮೆ ಕೊಟ್ಟರೆ ಅದು ತನ್ನ ಎರಡನೆಯ ಆಯ್ಕೆಗೆ ವರ್ಗವಾಗುತ್ತದೆ. ಅದರ ಮೇಲೆ ಸಿಗುವ ಹೆಚ್ಚುವರಿಗೆ ಆರ್ಥಿಕ ಗೇಣಿ ಎಂದು ಹೆಸರು. ರಿಕಾರ್ಡೊ 1817ರಲ್ಲಿ ಗೇಣಿಯ ಸಿದ್ಧಾಂತ ಕಟ್ಟಿದಾಗ ಅವನ ಕಣ್ಣೆದುರು ಇದ್ದದ್ದು ಭೂಮಿ. ಆಮೇಲಿನವರು ಅದೇ ಹೆಸರನ್ನು ದುಡಿಮೆಗೂ ಬಂಡವಾಳಕ್ಕೂ ವಿಸ್ತರಿಸಿದರು.

ಇನ್ನು ಚಿತ್ರಕ್ಕೆ ಬರಬಹುದು. ಒಂದು ಕಟ್ಟಡ ಕಂಪನಿಗೆ ಊರಿಂದ ಬರಲು ಸಿದ್ಧರಿರುವ ನೂರು ಜನರನ್ನು, ಅವರು ಒಪ್ಪುವ ಕನಿಷ್ಠ ಮಾಸಿಕ ಕೂಲಿಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದೆವೆಂದು ಭಾವಿಸೋಣ. ಸಾಲಿನ ಮೊದಲಿಗ ಸುಮಾರು 400 ದಿರ್ಹಮಿಗೇ ಹೊರಡಲು ಸಿದ್ಧ, ನೂರನೆಯವನಿಗೆ 1000 ಬೇಕು, ನಡುವಿನವರು ತಲಾ ಆರಾರು ದಿರ್ಹಮ್ ಏರುತ್ತ ಹೋಗುತ್ತಾರೆ. ಈ ಅಂಕಿಗಳು ಲೆಕ್ಕ ಸುಲಭವಾಗಲೆಂದು ಆರಿಸಿಕೊಂಡವು. ಕಂಪನಿ ಎಲ್ಲರಿಗೂ ಒಂದೇ ಕೂಲಿ, 1000 ದಿರ್ಹಮ್, ಕೊಡುತ್ತದೆ.

```
ಕೂಲಿ (ದಿರ್ಹಮ್)
1000 |--------------------ಬ
 850 |      ಗ        /    |
 700 |          /         |
 550 |    /        ವ      |
 400 ಅ                    |
     |         ವ          |
   0 +---------+----------+
     0         50        100   ಜನ
```

ಅ ಇಂದ ಬ ವರೆಗೆ ಏರುವ ಗೆರೆಯೇ ಪೂರೈಕೆ ರೇಖೆ. ಅದರ ಕೆಳಗಿನ ವ ಎಂಬ ಕ್ಷೇತ್ರ ವರ್ಗಾವಣೆ ಗಳಿಕೆ. ಅದರ ಮೇಲೆ, ಕೂಲಿಯ ಅಡ್ಡಗೆರೆಯ ಕೆಳಗೆ ಇರುವ ಗ ಎಂಬ ತ್ರಿಕೋನ ಗೇಣಿ. ತಿಂಗಳ ಒಟ್ಟು ಕೂಲಿ 1,00,000 ದಿರ್ಹಮ್, ಅದರಲ್ಲಿ ವರ್ಗಾವಣೆ ಗಳಿಕೆ 70,000, ಗೇಣಿ 30,000. ರೇಖೆ ಪೂರ್ತಿ ಅಡ್ಡಲಾಗಿದ್ದರೆ ಗೇಣಿಯೇ ಇರುತ್ತಿರಲಿಲ್ಲ. ನೆಟ್ಟಗೆ ನಿಂತಿದ್ದರೆ ಎಲ್ಲವೂ ಗೇಣಿಯೇ ಆಗುತ್ತಿತ್ತು. ದುಡಿಯುವ ಮನುಷ್ಯರ ರೇಖೆ ಇವೆರಡರ ನಡುವೆ ಓರೆಯಾಗಿ ಏರುತ್ತದೆ, ಏಕೆಂದರೆ ಊರು ಬಿಡಲು ಪ್ರತಿಯೊಬ್ಬರೂ ಕೇಳುವ ಬೆಲೆ ಬೇರೆ ಬೇರೆ.

ಆ ಬೆಲೆ ಏಕೆ ಬೇರೆ ಎಂಬ ಪ್ರಶ್ನೆಯ ಬಳಿ ಪಠ್ಯಪುಸ್ತಕ ನಿಲ್ಲುವುದೇ ಇಲ್ಲ. ಸಾಲಿನ ಆರಂಭದಲ್ಲಿ ನಿಂತವನು ಮಳೆ ಕೈಕೊಟ್ಟ ಒಣಬೇಸಾಯದ ಊರಿನವನಿರಬಹುದು, ತಂಗಿಯ ಮದುವೆಯ ಸಾಲ ಹೊತ್ತವನಿರಬಹುದು. ನಡುವೆ ನಿಂತವನು ಊರಲ್ಲಿ ಆಟೊ ಓಡಿಸಿ ಹೇಗೋ ಸಂಸಾರ ತೂಗಿಸುತ್ತಿದ್ದವನು. ಕೊನೆಯವನು ಕೈತುಂಬ ಕೆಲಸವಿದ್ದ ಮೇಸ್ತ್ರಿ. 1000 ದಿರ್ಹಮ್ ಕೂಲಿಯಲ್ಲಿ ಕೊನೆಯ ಮೇಸ್ತ್ರಿಗೆ ಗೇಣಿ ಶೂನ್ಯ, ಐವತ್ತನೆಯ ಆಟೊ ಚಾಲಕನಿಗೆ 300, ಮೊದಲಿಗನಿಗೆ ಹೆಚ್ಚುಕಡಿಮೆ 600. ಅಂದರೆ ಈ ಚಿತ್ರದಲ್ಲಿ ಅತಿ ಹೆಚ್ಚು 'ಗೇಣಿ' ಉಣ್ಣುತ್ತಿರುವವನು ಅತಿ ಬಡವ. ಅವನ ವರ್ಗಾವಣೆ ಗಳಿಕೆ ಕಡಿಮೆ ಇರುವುದಕ್ಕೆ ಕಾರಣ ಅವನ ದುಡಿಮೆ ಅಗ್ಗವೆಂಬುದಲ್ಲ, ಊರಲ್ಲಿ ಅವನಿಗೆ ಬೇರೆ ದಾರಿಯಿಲ್ಲವೆಂಬುದು. ಮೂವರೂ ಹೊರುವುದು ಅದೇ ಸಿಮೆಂಟು, ಅದೇ ಜುಲೈ ಬಿಸಿಲಿನಲ್ಲಿ. "ಊರಿಗಿಂತ ಎಷ್ಟು ಹೆಚ್ಚು ಸಿಗುತ್ತದೆ ನೋಡಿ" ಎಂದು ಮೇಜಿನ ಮುಂದೆ ಕೂತವರು ಬೆರಳಿಟ್ಟು ತೋರಿಸುವ ಆ ತ್ರಿಕೋನದ ಎತ್ತರ, ವಾಸ್ತವದಲ್ಲಿ ಊರಿನ ಅಭಾವದ ಆಳ.

ಗೇಣಿ ಎಂಬ ಶಬ್ದ ಕನ್ನಡದಲ್ಲಿ ಬರಿಯ ಪಾರಿಭಾಷಿಕ ಪದವಾಗಿ ಉಳಿಯಲಾರದು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿದ ನಾಡು ಅದು. ಉಳುವವನು ಬೆಳೆದದ್ದರಲ್ಲಿ ಒಂದು ಪಾಲನ್ನು, ನೆಲದ ಮೇಲೆ ಕಾಲಿಡದ ಧಣಿಗೆ ಅಳೆಯುವುದೇ ಅಲ್ಲಿ ಗೇಣಿಯಾಗಿತ್ತು. ಕೂಲಿಯ ಚಿತ್ರದಲ್ಲಿ ಇದು ತಿರುವುಮುರುವಾಗುತ್ತದೆ. ಇಲ್ಲಿ ಗೇಣಿ ಮೊದಲು ಬೀಳುವುದು ದುಡಿಯುವವನ ಮಡಿಲಿಗೆ. ಆದರೆ ಅದು ಅಲ್ಲೇ ಉಳಿಯುತ್ತದೆಂಬ ಖಾತರಿಯಿಲ್ಲ. ಏಕೆಂದರೆ ಗೇಣಿಗೆ ಒಂದು ವಿಚಿತ್ರ ಗುಣವಿದೆ: ಅದನ್ನು ಪೂರ್ತಿಯಾಗಿ ಕಸಿದುಕೊಂಡರೂ ಪೂರೈಕೆ ಕುಗ್ಗುವುದಿಲ್ಲ. ಆಟೊ ಚಾಲಕನ 300ರಲ್ಲಿ 299ನ್ನು ಕಿತ್ತುಕೊಂಡರೂ ಅವನು ವಿಮಾನ ಹತ್ತುತ್ತಾನೆ. ಇದೇ ಗುಣವನ್ನು ಹಿಡಿದು ಹೆನ್ರಿ ಜಾರ್ಜ್ ಭೂಮಿಯ ಗೇಣಿಯ ಮೇಲೆ ತೆರಿಗೆ ಹಾಕಿ ಎಂದು ವಾದಿಸಿದ್ದ, ನೆಲ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ ಎಂದು. ತೆರಿಗೆಗೆ ಯಾವುದು ಯೋಗ್ಯವೋ ಸುಲಿಗೆಗೂ ಅದೇ ಯೋಗ್ಯ. ಈ ಸತ್ಯವನ್ನು ಯಾವ ಪಠ್ಯಪುಸ್ತಕವನ್ನೂ ಓದದೆ ಕರಗತ ಮಾಡಿಕೊಂಡವರು ವೀಸಾ ಏಜೆಂಟರು.

ಏಜೆಂಟನ ಕೆಲಸವನ್ನು ಚಿತ್ರದ ಮೇಲೆಯೇ ನೋಡಬಹುದು. ಎಲ್ಲರಿಂದಲೂ ಒಂದೇ ಶುಲ್ಕ ಕೇಳಿದರೆ ಪೂರೈಕೆ ರೇಖೆ ಅಷ್ಟು ಮೇಲಕ್ಕೆ ಸರಿಯುತ್ತದೆ ಮತ್ತು ಅಂಚಿನಲ್ಲಿದ್ದ ಮೇಸ್ತ್ರಿಯಂಥವರು "ಬೇಡ ಹೋಗಯ್ಯಾ" ಎಂದು ಮನೆಗೆ ಮರಳುತ್ತಾರೆ. ಅದಕ್ಕಾಗಿಯೇ ಅವನು ಒಂದೇ ಶುಲ್ಕ ಕೇಳುವುದಿಲ್ಲ. ಊರೂರಿನ ಉಪ ಏಜೆಂಟನ ಮೂಲಕ ಯಾರ ಮನೆಯಲ್ಲಿ ಎಷ್ಟು ಕಷ್ಟವಿದೆ, ಯಾರ ಬಳಿ ಅಡವಿಡಲು ಹೆಂಡತಿಯ ಸರವಿದೆ, ಯಾರ ಹೆಸರಲ್ಲಿ ಎರಡು ಎಕರೆ ಇದೆ ಎಂದು ತಿಳಿದುಕೊಂಡು ಒಬ್ಬೊಬ್ಬರಿಗೆ ಒಂದೊಂದು ದರ ಹೇಳುತ್ತಾನೆ. ಹೀಗೆ ರೇಖೆಯ ಉದ್ದಕ್ಕೂ ನಡೆಯುತ್ತ, ತಲೆ ಎಣಿಕೆಯಲ್ಲಿ ಒಂದೂ ಕಡಿಮೆಯಾಗದಂತೆ, ತ್ರಿಕೋನವನ್ನು ಮಾತ್ರ ಕೊಯ್ದುಕೊಳ್ಳುತ್ತಾನೆ. ಕೂಲಿಯಲ್ಲಿ ಗೇಣಿ ಇದೆಯೋ ಇಲ್ಲವೋ ಎಂದು ತಿಳಿಯಲು ಯಾವ ಸಮೀಕ್ಷೆಯೂ ಬೇಕಿಲ್ಲ. ಒಂದು ಕೆಲಸದ ವೀಸಾ ಹಣಕ್ಕೆ ಮಾರಾಟವಾಗುತ್ತಿದೆಯೆಂದರೆ ಅದರಲ್ಲಿ ಗೇಣಿಯ ನಿರೀಕ್ಷೆ ಇದೆ. ಬರಿಯ ವರ್ಗಾವಣೆ ಗಳಿಕೆಯಷ್ಟೇ ಸಿಗುವ ಕೆಲಸಕ್ಕೆ ಯಾರೂ ದುಡ್ಡು ಕೊಟ್ಟು ಸೇರುವುದಿಲ್ಲ.

ಆಟೊ ಚಾಲಕನ ಲೆಕ್ಕವನ್ನೇ ಪೂರ್ತಿ ಬರೆದು ನೋಡೋಣ. ಎರಡು ವರ್ಷದ ಕರಾರು, ತಿಂಗಳಿಗೆ 300ರಂತೆ ಒಟ್ಟು ಗೇಣಿ 7,200 ದಿರ್ಹಮ್. ದಿರ್ಹಮಿಗೆ 23 ರೂಪಾಯಿ ಎಂದು ಹಿಡಿದರೆ 1,65,600 ರೂಪಾಯಿ. ಭಾರತದ ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟನೊಬ್ಬ ವಲಸೆ ಕಾರ್ಮಿಕನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಅಷ್ಟಕ್ಕೇ ಸಿಗುತ್ತದೆ, ಉಳಿದದ್ದು ಕೈಯಿಂದ ಕೈಗೆ ಹೋಗುತ್ತದೆ. ಏಜೆಂಟ ಗೇಣಿಯಷ್ಟನ್ನೂ, ಅಂದರೆ 1,65,600ನ್ನೂ ಕೇಳಿದ ಎಂದಿಟ್ಟುಕೊಳ್ಳೋಣ. ಚಾಲಕನ ಬಳಿ ಆ ಹಣವಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಸಾಲ ತರುತ್ತಾನೆ. ಮೊದಲ ತಿಂಗಳ ಬಡ್ಡಿಯೇ 4,968 ರೂಪಾಯಿ, ಅಂದರೆ 216 ದಿರ್ಹಮ್. ಅವನ 300ರಲ್ಲಿ ಅಸಲಿಗೆ ಉಳಿಯುವುದು 84. ಇಪ್ಪತ್ತನಾಲ್ಕು ತಿಂಗಳು ಒಂದೂ ತಪ್ಪದೆ 300 ಕಟ್ಟಿದರೂ ಕರಾರು ಮುಗಿಯುವ ದಿನ ಅವನ ತಲೆಯ ಮೇಲೆ ಸುಮಾರು 4,300 ದಿರ್ಹಮ್, ಹತ್ತಿರಹತ್ತಿರ ಒಂದು ಲಕ್ಷ ರೂಪಾಯಿ ಸಾಲ ಉಳಿದಿರುತ್ತದೆ. ಈ ಬಡ್ಡಿಯಲ್ಲಿ ಅವನು ನಷ್ಟವಿಲ್ಲದೆ ಕೊಡಬಹುದಾಗಿದ್ದ ಶುಲ್ಕ ಹೆಚ್ಚೆಂದರೆ 5,100 ದಿರ್ಹಮ್ ಅಷ್ಟೇ. ಅದನ್ನು ದಾಟಿದ ಮೇಲೆ ಗೇಣಿ ಋಣಾತ್ಮಕವಾಗುತ್ತದೆ ಮತ್ತು ಊರಲ್ಲೇ ಇದ್ದಿದ್ದರೆ ಅವನು ಹೆಚ್ಚು ಸುಖಿಯಾಗಿರುತ್ತಿದ್ದ. ಮಾಸಿಕ ಬಡ್ಡಿಯ ಚಕ್ರಗಣಿತವನ್ನು ಯಾರೂ ಅವನಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿರುವುದಿಲ್ಲ.

"ಹಾಗಿದ್ದರೆ ಬಿಟ್ಟು ಹೋಗಬಹುದಲ್ಲ" ಎಂಬ ಮಾತು ಇಲ್ಲಿ ಬರುತ್ತದೆ. ಬರಲಿ. ವರ್ಗಾವಣೆ ಗಳಿಕೆಯೆಂಬುದು ಹೊರಡುವ ಮುನ್ನ ಒಂದು, ತಲುಪಿದ ಮೇಲೆ ಇನ್ನೊಂದು. ಹೊರಡುವ ಮುನ್ನ ಮೇಸ್ತ್ರಿಗೆ 1000 ಕೊಡದಿದ್ದರೆ ಅವನು ಬರುತ್ತಿರಲಿಲ್ಲ. ಬಂದ ಮೇಲೆ ಕೊಟ್ಟ ಶುಲ್ಕ ವಾಪಸು ಬಾರದು, ವಿಮಾನದ ಟಿಕೆಟ್ಟಿಗೆ ಮತ್ತೆ ಹಣ ಬೇಕು, ಊರಿನ ಕೂಲಿಯಲ್ಲಿ ಆ ಸಾಲದ ಬಡ್ಡಿ ಕಟ್ಟಲಾಗದು. ಈಗ ಕಂಪನಿ ಬೇರೊಂದು ಕರಾರು ಪತ್ರ ಮುಂದಿಟ್ಟು "800 ಅಷ್ಟೇ" ಎಂದರೂ ಅವನು ಉಳಿಯುತ್ತಾನೆ. ನಿನ್ನೆ ವರ್ಗಾವಣೆ ಗಳಿಕೆಯಾಗಿದ್ದ ಮೊತ್ತದ ಒಂದು ಭಾಗ ಇಂದು ಗೇಣಿಯಾಗಿ ಮಾರ್ಪಟ್ಟಿದೆ, ಗೇಣಿಯಾದ ಕೂಡಲೇ ಕಸಿಯಲು ಒದಗಿದೆ. ಮಾರ್ಷಲ್ ಇಂಥದ್ದನ್ನು, ಅಲ್ಪಾವಧಿಗೆ ಗೇಣಿಯಂತೆ ವರ್ತಿಸುವ ಗಳಿಕೆ ಎಂಬ ಅರ್ಥದಲ್ಲಿ, ಅರೆಗೇಣಿ ಎಂದು ಕರೆದ. ಅವನ ಮನಸ್ಸಿನಲ್ಲಿದ್ದದ್ದು ಯಂತ್ರಗಳು. ಯಂತ್ರಕ್ಕೆ ಮನೆಗೆ ಮರಳುವ ಆಸೆಯಿರುವುದಿಲ್ಲ. ಅವನು ಉಳಿದನೆಂಬುದನ್ನೇ ಅವನ ಸಮ್ಮತಿಗೆ ಸಾಕ್ಷಿಯಾಗಿ ತೋರಿಸುವವರು ಎರಡನೆಯ ದಿನದ ರೇಖೆಯನ್ನು ಮೊದಲನೆಯ ದಿನದ ರೇಖೆಯೆಂದು ಮಾರುತ್ತಿದ್ದಾರೆ.

ಇನ್ನೂ ದೊಡ್ಡ ಮೋಸ 'ಎರಡನೆಯ ಆಯ್ಕೆ' ಎಂಬ ಮಾತಿನಲ್ಲಿದೆ. ಆಟೊ ಚಾಲಕನ ಎರಡನೆಯ ಆಯ್ಕೆ ಯಾವುದು? ಊರಿನ ಆಟೊ ಎಂದರೆ ಅವನ ವರ್ಗಾವಣೆ ಗಳಿಕೆ 700. ಆದರೆ ರಸ್ತೆಯಾಚೆಯ ಇನ್ನೊಂದು ಕಟ್ಟಡದಲ್ಲಿ ಅದೇ ಕೆಲಸಕ್ಕೆ 1000 ಸಿಗುತ್ತಿದ್ದು, ಅಲ್ಲಿಗೆ ಹೋಗುವ ಸ್ವಾತಂತ್ರ್ಯ ಅವನಿಗಿದ್ದರೆ, ಈ ಕಂಪನಿಯ ಮಟ್ಟಿಗೆ ಅವನ ವರ್ಗಾವಣೆ ಗಳಿಕೆ 1000. ಅವನು ಗೇಣಿ ಉಣ್ಣುತ್ತಿದ್ದಾನೆಂದು ಈ ಮಾಲೀಕ ಹೇಳುವಂತೆಯೇ ಇಲ್ಲ. ಎಲ್ಲ ಕಂಪನಿಗಳೂ ಹೀಗೆ ಪರಸ್ಪರ ಪೈಪೋಟಿಗೆ ಇಳಿದರೆ ಪ್ರತಿ ಕಂಪನಿಯ ಎದುರಿನ ಪೂರೈಕೆ ರೇಖೆ ಅಡ್ಡಲಾಗುತ್ತದೆ. ಕಫಾಲಾ ಪದ್ಧತಿ ಮಾಡುವ ಕೆಲಸ ಇಷ್ಟೇ: ರಸ್ತೆಯಾಚೆಯ ಕಟ್ಟಡವನ್ನು ಆಯ್ಕೆಗಳ ಪಟ್ಟಿಯಿಂದ ಅಳಿಸಿಹಾಕುತ್ತದೆ. ವೀಸಾ ಒಬ್ಬ ಪ್ರಾಯೋಜಕನಿಗೆ ಕಟ್ಟುಬಿದ್ದಿರುವಾಗ ಅವನನ್ನು ಬಿಟ್ಟರೆ ಉಳಿಯುವುದು ಊರೊಂದೇ. ಈ ಕಂಪನಿಯ ಎದುರಿನ ರೇಖೆಯ ಓರೆ ನಿಸರ್ಗದಿಂದ ಬಂದದ್ದಲ್ಲ, ಕಾನೂನು ತಂದದ್ದು.

ಓರೆ ರೇಖೆಯ ಎದುರು ಒಬ್ಬಂಟಿಯಾಗಿ ನಿಂತ ಕೊಳ್ಳುಗ ಏನು ಮಾಡುತ್ತಾನೆಂಬುದನ್ನು ಜೋನ್ ರಾಬಿನ್ಸನ್ 1933ರಲ್ಲಿ ಬಿಡಿಸಿಟ್ಟರು. ಅಪೂರ್ಣ ಪೈಪೋಟಿಯ ಬಗೆಗಿನ ಅವರ ಅದೇ ಪುಸ್ತಕದಲ್ಲಿ ಗೇಣಿಯ ಈ ಆಧುನಿಕ ವ್ಯಾಖ್ಯಾನವೂ ಇದೆ, ಒಬ್ಬನೇ ಕೊಳ್ಳುಗನ ಮಾರುಕಟ್ಟೆಗೆ 'ಮೊನಾಪ್ಸನಿ' ಎಂಬ ಹೆಸರೂ ಇದೆ. ಆ ಹೆಸರನ್ನು ಹೊಂದಿಸಿಕೊಟ್ಟವರು ಕೇಂಬ್ರಿಜ್‌ನ ಗ್ರೀಕ್ ವಿದ್ವಾಂಸ ಹಾಲ್‌ವರ್ಡ್. ಎರಡೂ ವಿಷಯಗಳು ಒಂದೇ ರಟ್ಟಿನೊಳಗೆ ಇದ್ದದ್ದು ಆಕಸ್ಮಿಕವಲ್ಲ, ಆದರೆ ಪಾಠ ಹೇಳುವವರು ಮಾತ್ರ ಅವನ್ನು ಬೇರೆ ಬೇರೆ ಅಧ್ಯಾಯಗಳಿಗೆ ಹಂಚಿಬಿಟ್ಟರು.

ಅವರ ತರ್ಕ ಹೀಗಿದೆ. ಇನ್ನೊಬ್ಬನನ್ನು ಸೇರಿಸಿಕೊಳ್ಳಲು ಕೂಲಿ ಏರಿಸಬೇಕೆಂದರೆ, ಈಗಾಗಲೇ ಇರುವ ಎಲ್ಲರಿಗೂ ಏರಿಸಬೇಕು. ಹಾಗಾಗಿ ಹೊಸಬನೊಬ್ಬನ ನಿಜವಾದ ಖರ್ಚು ಅವನ ಕೂಲಿಗಿಂತ ಹೆಚ್ಚು. ಮೇಲಿನ ಚಿತ್ರದಲ್ಲಿ ಈ ಖರ್ಚು ತಲಾ ಆರರ ಬದಲು ಹನ್ನೆರಡು ದಿರ್ಹಮಿನಂತೆ ಏರುತ್ತದೆ. ಕಂಪನಿಗೆ ಮೊದಲ ಕಾರ್ಮಿಕನಿಂದ ಸುಮಾರು 2200 ದಿರ್ಹಮ್ ಮೌಲ್ಯದ ಕೆಲಸ ದೊರೆತು, ಮುಂದಿನವರಿಂದ ತಲಾ 12ರಷ್ಟು ಕಡಿಮೆಯಾಗುತ್ತ ನೂರನೆಯವನಿಂದ 1000 ದೊರೆಯುತ್ತದೆಂದು ಭಾವಿಸಿದರೆ, ಪೈಪೋಟಿಯ ಮಾರುಕಟ್ಟೆಯಲ್ಲಿ ನೂರು ಜನ, 1000 ಕೂಲಿ. ಕಟ್ಟುಬಿದ್ದ ಮಾರುಕಟ್ಟೆಯಲ್ಲಿ ಕಂಪನಿ ಎಪ್ಪತ್ತೈದು ಜನಕ್ಕೆ ನಿಂತುಬಿಡುತ್ತದೆ ಮತ್ತು ಅಷ್ಟು ಜನ ಬರಲು ಸಾಕಾಗುವ 850ನ್ನಷ್ಟೇ ಕೊಡುತ್ತದೆ. ಎಪ್ಪತ್ತೈದನೆಯವನ ದುಡಿಮೆಯಿಂದ ಕಂಪನಿಗೆ ದಕ್ಕುವುದು 1300. ಕಾರ್ಮಿಕರ 30,000ದ ತ್ರಿಕೋನದಲ್ಲಿ 11,250 ಮಾಲೀಕನಿಗೆ ಹೋಯಿತು, 1,875 ಬರಲಾಗದೆ ಉಳಿದ ಇಪ್ಪತ್ತೈದು ಜನರ ಪಾಲಿಗೆ ಆವಿಯಾಯಿತು, ಉಳಿದದ್ದು 16,875. ಹಾಗೆ ಉಳಿದದ್ದರ ಮೇಲೆಯೇ ಏಜೆಂಟನ ಕಣ್ಣು. ಗಮನಿಸಬೇಕಾದ್ದೆಂದರೆ, 850 ಪಡೆಯುವ ಎಪ್ಪತ್ತೈದು ಜನರಲ್ಲಿ ಕೊನೆಯವನೊಬ್ಬನನ್ನು ಬಿಟ್ಟು ಎಲ್ಲರಿಗೂ ಈಗಲೂ 'ಊರಿಗಿಂತ ಹೆಚ್ಚು ಸಿಗುತ್ತಿದೆ'. ಊಟದ ಮೇಜಿನ ವಾಕ್ಯ ಅಕ್ಷರಶಃ ನಿಜವಾಗಿರುವಾಗಲೇ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಗೇಣಿ ಕಳುವಾಗಿದೆ.

ಇದು ಹಾಳೆಯ ಮೇಲಿನ ಕಸರತ್ತಲ್ಲವೆಂಬುದಕ್ಕೆ ಪುರಾವೆ ಕೊಲ್ಲಿಯಿಂದಲೇ ಬಂದಿದೆ. 2011ರವರೆಗೆ ಯುಎಇಯಲ್ಲಿ ಕರಾರು ಮುಗಿದ ಕಾರ್ಮಿಕನೂ ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಸ ಕೆಲಸಕ್ಕೆ ಸೇರುವುದು ಕಷ್ಟವಾಗಿತ್ತು. ಆ ವರ್ಷದ ಜನವರಿಯಲ್ಲಿ, ಕರಾರು ಮುಗಿದವರಿಗೆ ಆ ಪತ್ರದ ಅಗತ್ಯವಿಲ್ಲವೆಂಬ ನಿಯಮ ಬಂತು. ಸುರೇಶ್ ನಾಯ್ಡು, ಯಾ ನ್ಯಾರ್ಕೊ ಮತ್ತು ಶಿಂಗ್-ಯಿ ವಾಂಗ್ ಎಂಬ ಅರ್ಥಶಾಸ್ತ್ರಜ್ಞರು ಸಂಬಳ ಪಾವತಿಯ ದಾಖಲೆಗಳನ್ನು ಕರಾರುಗಳ ಜೊತೆ ಹೊಂದಿಸಿ ಪರಿಣಾಮವನ್ನು ಅಳೆದರು. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಈಗಾಗಲೇ ಅಲ್ಲಿದ್ದವರ ಗಳಿಕೆ ಏರಿತು. ಮಾಲೀಕರನ್ನು ಬದಲಿಸಿದವರ ಸಂಖ್ಯೆ ಹೆಚ್ಚಿದರೂ, ಹಳೆಯ ಕಂಪನಿಯಲ್ಲೇ ಉಳಿದವರ ಪ್ರಮಾಣವೂ ಏರಿತು. ಮೊದಲು ಇದು ವಿಚಿತ್ರವೆನಿಸಬಹುದು. ಮುಂಚೆ ಬೇರೆಡೆ ಹೋಗಲಾಗದೆ ದೇಶ ಬಿಟ್ಟೇ ಹೋಗುತ್ತಿದ್ದವರು ಈಗ ಹೋಗಲಿಲ್ಲ, ಏಕೆಂದರೆ ಅವರನ್ನು ಉಳಿಸಿಕೊಳ್ಳಲು ಮಾಲೀಕ ಕೂಲಿ ಏರಿಸಬೇಕಾಯಿತು. ಬಾಗಿಲು ತೆರೆದಿಟ್ಟಾಗ ಜನ ಒಳಗೇ ಉಳಿದರು.

ಅದೇ ಅಧ್ಯಯನದ ಎರಡನೆಯ ಫಲಿತಾಂಶವನ್ನು ಪ್ರಗತಿಪರರು ಓದದೆ ದಾಟುವುದು ಸರಿಯಲ್ಲ. ಊರಿಂದ ಹೊಸದಾಗಿ ಕರೆತರುವವರಿಗೆ ಬೇಡಿಕೆ ತಗ್ಗಿತು, ಅವರ ಗಳಿಕೆಯೂ ಇಳಿಯಿತು. ಕರಾರಿನ ನಂತರ ಕಟ್ಟಿಹಾಕಲಾಗದವನ ಮೇಲೆ ಮಾಲೀಕ ಮೊದಲೇ ಕಡಿಮೆ ಹಣ ಹೂಡುತ್ತಾನೆ. ಇಲ್ಲಿ ಎರಡು ರೇಖೆಗಳಿವೆ, ಒಂದು ಒಳಗಿರುವವರದು, ಇನ್ನೊಂದು ಹೊರಗಿನಿಂದ ಬರಬೇಕಾದವರದು. ಸುಧಾರಣೆ ಮೊದಲ ರೇಖೆಯನ್ನಷ್ಟೇ ಮುಟ್ಟಿತ್ತು. ಕರಾರಿನ ಎರಡು ವರ್ಷಗಳಲ್ಲಿ ಕಟ್ಟು ಹಾಗೆಯೇ ಉಳಿದಿತ್ತು, ವೀಸಾಕ್ಕೆ ಊರಲ್ಲಿ ಹಣ ತೆರುವುದೂ ಉಳಿದಿತ್ತು. ಕತಾರ್ 2020ರಲ್ಲಿ ನಿರಾಕ್ಷೇಪಣಾ ಪತ್ರವನ್ನು ಕರಾರಿನ ನಡುವೆಯೂ ಕೈಬಿಟ್ಟು, ಜೊತೆಗೆ 1000 ರಿಯಾಲಿನ ಕನಿಷ್ಠ ವೇತನವನ್ನು ತಂದದ್ದು ಈ ಕಾರಣಕ್ಕೆ ಹೆಚ್ಚು ಸಮಗ್ರ ಹೆಜ್ಜೆ. ಆಚರಣೆಯಲ್ಲಿ ಅದು ಎಷ್ಟು ದೂರ ಹೋಗುತ್ತದೆಂಬುದು ಮಾಲೀಕನ ಸಹಿಯ ಬದಲು 'ರಾಜೀನಾಮೆ ಪತ್ರಕ್ಕೆ ಮೊಹರು ಬೇಕು' ಎಂಬಂಥ ಹಿಂಬಾಗಿಲುಗಳನ್ನು ಎಷ್ಟು ಮುಚ್ಚುತ್ತಾರೆಂಬುದರ ಮೇಲೆ ನಿಂತಿದೆ.

ಅಮೆರಿಕದ ಕನ್ನಡಿಗರು ಇದನ್ನು ಕೊಲ್ಲಿಯ ಕಥೆಯೆಂದು ಬದಿಗಿಡುವಂತಿಲ್ಲ. ಎಚ್-1ಬಿ ವೀಸಾದ ಮೇಲಿರುವ ಎಂಜಿನಿಯರ್ ಮಾಲೀಕನನ್ನು ಬದಲಿಸಬಹುದು ನಿಜ, ಆದರೆ ಕೆಲಸ ಹೋದರೆ ಅವನಿಗಿರುವುದು ಅರವತ್ತು ದಿನ. ಗ್ರೀನ್ ಕಾರ್ಡಿನ ಸರತಿಯಲ್ಲಿ ವರ್ಷಗಟ್ಟಲೆ ನಿಂತವನು ಬಡ್ತಿ ಕೇಳಲು ಏಕೆ ಹಿಂಜರಿಯುತ್ತಾನೆಂಬುದು ಅವನ ಮನೆಯವರಿಗೆ ಗೊತ್ತು. ಅವನ ತ್ರಿಕೋನ ದೊಡ್ಡದು, ಆದ್ದರಿಂದ ಅದರಲ್ಲಿ ಸ್ವಲ್ಪ ಕೊಯ್ದರೂ ಕಾಣುವುದಿಲ್ಲ, ಅಷ್ಟೇ.

ದೆಹಲಿಯ ಸರ್ಕಾರ ಈ ಚಿತ್ರವನ್ನು ಹೇಗೆ ಓದಿತೆಂಬುದಕ್ಕೆ ಒಂದು ನಿದರ್ಶನ ಸಾಕು. ಕೊಲ್ಲಿಗೆ ಹೋಗುವ ಭಾರತೀಯ ಕಾರ್ಮಿಕರಿಗೆ ಇಂತಿಷ್ಟಕ್ಕಿಂತ ಕಡಿಮೆ ಕೂಲಿಯ ಕರಾರಿಗೆ ಅನುಮತಿಯಿಲ್ಲವೆಂಬ ಕನಿಷ್ಠ ಉಲ್ಲೇಖ ವೇತನವನ್ನು ಭಾರತವೇ ನಿಗದಿಪಡಿಸಿತ್ತು. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್‌ನ ನಡುವೆ, ಅದನ್ನು ಶೇ 30ರಿಂದ 50ರವರೆಗೆ ಇಳಿಸಲಾಯಿತು. ಕೂಲಿ ಇಳಿಸಿದರೆ ಉದ್ಯೋಗ ಉಳಿಯುತ್ತದೆಂಬುದು ಅದರ ಸಮರ್ಥನೆ. ಕಾರ್ಮಿಕರ ಪರ ಸಂಘಟನೆಗಳು ವಿರೋಧಿಸಿದ ಮೇಲೆ 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಸಮರ್ಥನೆ ಪೈಪೋಟಿಯ ಮಾರುಕಟ್ಟೆಯಲ್ಲಷ್ಟೇ ಸರಿ. ಕಟ್ಟುಬಿದ್ದ ಮಾರುಕಟ್ಟೆಯಲ್ಲಿ ಉಲ್ಟಾ: ಮೇಲಿನ ಉದಾಹರಣೆಯಲ್ಲಿ 850 ಇದ್ದ ಕಡೆ 1000ದ ನೆಲಗಟ್ಟು ಹಾಕಿದರೆ, ಇನ್ನೊಬ್ಬನನ್ನು ಸೇರಿಸಿಕೊಳ್ಳಲು ಹಳಬರ ಕೂಲಿ ಏರಿಸಬೇಕಾದ ಪ್ರಸಂಗವೇ ಇಲ್ಲವಾಗುತ್ತದೆ ಮತ್ತು ಕಂಪನಿ ಎಪ್ಪತ್ತೈದರ ಬದಲು ನೂರು ಜನರನ್ನು ತೆಗೆದುಕೊಳ್ಳುತ್ತದೆ. ಕೂಲಿಯೂ ಏರುತ್ತದೆ, ಉದ್ಯೋಗವೂ ಏರುತ್ತದೆ. ಇದಕ್ಕೆ ಮಿತಿಯಿದೆ. 1000ವನ್ನು ದಾಟಿ 1200ರ ನೆಲಗಟ್ಟು ಹಾಕಿದರೆ ಕಂಪನಿಗೆ ಬೇಕಾಗುವುದು ಎಂಬತ್ತಮೂರು ಜನವಷ್ಟೇ. ಭಾರತವೊಂದೇ ಏರಿಸಿ ನೇಪಾಳ, ಬಾಂಗ್ಲಾದೇಶಗಳು ಏರಿಸದಿದ್ದರೆ ಮಾಲೀಕ ಅತ್ತ ತಿರುಗಬಹುದು. ಹಾಗಾದರೆ ಆ ದೇಶಗಳ ಜೊತೆ ಕೂತು ಒಂದೇ ನೆಲಗಟ್ಟನ್ನು ಒಪ್ಪಿಕೊಳ್ಳುವುದು ದಾರಿಯಾಗಿತ್ತು. ತನ್ನದನ್ನು ಅರ್ಧಕ್ಕೆ ಇಳಿಸಿ ಅವರನ್ನೂ ಇಳಿಸುವಂತೆ ಹುರಿದುಂಬಿಸುವುದಲ್ಲ. ಆ ಹತ್ತು ತಿಂಗಳಲ್ಲಿ ಸಹಿಯಾದ ಕರಾರುಗಳ ಕೂಲಿ ಮಾತ್ರ ಸುತ್ತೋಲೆ ಹಿಂತೆಗೆದುಕೊಂಡ ಮಾತ್ರಕ್ಕೆ ತಾನಾಗಿ ಮೇಲೇರಲಿಲ್ಲ, ಎರಡು ವರ್ಷದ ಕರಾರು ಎರಡು ವರ್ಷದ್ದೇ.